1080ಪಿ ಎಂದಿದ್ದರೂ ಮಸುಕು, ಒಳ್ಳೆಯ ಫೈಲಾದರೂ ಜರ್ಕ್: ಡೌನ್‌ಲೋಡ್ ಮಾಡಿದ ವಿಡಿಯೊದಲ್ಲಿ ಆಗುವುದೇನು?

ಡೌನ್‌ಲೋಡ್ ಮಾಡಿದ ವಿಡಿಯೊ ಸರಿಯಿಲ್ಲ ಎಂಬ ದೂರಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಸೇರಿಕೊಂಡಿರುತ್ತವೆ. ಚಿತ್ರ ಮಸುಕಾಗಿದೆ ಎನ್ನುವುದು ಒಂದು. ನಿಂತು ನಿಂತು ಓಡುತ್ತದೆ, ಜರ್ಕ್ ಹೊಡೆಯುತ್ತದೆ ಎನ್ನುವುದು ಇನ್ನೊಂದು. ಮಸುಕು ಫೈಲಿನ ಒಳಗೇ ಇರುತ್ತದೆ, ಯಾವ ಟಿವಿಗೆ ಹಾಕಿದರೂ ಬಿಡುವುದಿಲ್ಲ. ಜರ್ಕ್ ಹೆಚ್ಚಿನ ಸಲ ಫೈಲಿಗೂ ಅದನ್ನು ಓಡಿಸುವ ಯಂತ್ರಕ್ಕೂ ಹೊಂದಿಕೆಯಾಗದೆ ಬರುತ್ತದೆ, ಹಾಗಾಗಿ ಯಂತ್ರ ಬದಲಿಸಿದರೆ ಹೋಗಲೂಬಹುದು. ಇದನ್ನು ಬೇರ್ಪಡಿಸಿ ನೋಡದೆ ಫೈಲನ್ನು ಯಾವುದೋ ಕನ್ವರ್ಟರ್‌ಗೆ ಹಾಕಿದರೆ ಇದ್ದ ಗುಣಮಟ್ಟವೂ ಹೋಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಕರಾವಳಿಯ ಕಾಲಮಿತಿ ಯಕ್ಷಗಾನ, 3 ಗಂಟೆಯ ಪ್ರಸಂಗ, ರಾತ್ರಿಯ ಬಯಲು ರಂಗಸ್ಥಳ. ಇದರ ಎರಡು ಫೈಲುಗಳು ಕೈಗೆ ಬಂದಿವೆ ಎಂದುಕೊಳ್ಳಿ. ಮೊದಲನೆಯದು ಗುಂಪಿನಲ್ಲಿ ಹಂಚಿಕೆಯಾದದ್ದು: 1080ಪಿ, 700 ಎಂಬಿ. ಎರಡನೆಯದು ಚಿತ್ರೀಕರಣ ಮಾಡಿದವರ ಡ್ರೈವ್ ಲಿಂಕಿನಿಂದ ಇಳಿಸಿದ್ದು: ಅದೂ 1080ಪಿ, ಆದರೆ ಸುಮಾರು 11 ಜಿಬಿ. ಮೊದಲನೆಯದು ಎಲ್ಲ ಕಡೆ ಸರಾಗವಾಗಿ ಓಡುತ್ತದೆ, ಆದರೆ ವೇಷ ಕುಣಿದ ಕೂಡಲೇ ಚಿತ್ರ ಕಲಸಿಹೋಗುತ್ತದೆ. ಎರಡನೆಯದು ಹಳೆಯ ಲ್ಯಾಪ್‌ಟಾಪಿನಲ್ಲಿ ಕನ್ನಡಿಯಷ್ಟು ಸ್ಪಷ್ಟ, ಆದರೆ ಚೆಂಡೆಯ ಪೆಟ್ಟು ಮುಂದೆ ಹೋಗಿ ಹೆಜ್ಜೆ ಹಿಂದೆ ಬೀಳುತ್ತದೆ. ಯಕ್ಷಗಾನವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ವಿಡಿಯೊ ಕುಗ್ಗಿಸುವ ತಂತ್ರಕ್ಕೆ ಕಷ್ಟ ಕೊಡುವ ಸಂಗತಿಗಳೆಲ್ಲ ಒಂದೇ ರಂಗದಲ್ಲಿ ಸಿಗುವುದು ಇಲ್ಲಿ.

ಮೊದಲು ಒಂದು ಭಾಗಾಕಾರ. ಫೈಲಿನ ಗಾತ್ರ ಮತ್ತು ಅವಧಿ ಗೊತ್ತಿದ್ದರೆ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಬಿಟ್ ಖರ್ಚಾಗಿದೆ ಎಂಬುದನ್ನು ತಿಳಿಯಲು ಯಾವ ತಂತ್ರಾಂಶವೂ ಬೇಡ. ಎಂಬಿಯನ್ನು 8000ದಿಂದ ಗುಣಿಸಿ, ಸೆಕೆಂಡುಗಳಿಂದ ಭಾಗಿಸಿದರೆ ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಬಿಟ್ ಎಂಬುದು ಸಿಗುತ್ತದೆ. 3 ಗಂಟೆ ಎಂದರೆ 10,800 ಸೆಕೆಂಡು. 700 × 8000 ÷ 10,800 ಮಾಡಿದರೆ ಸುಮಾರು 518 ಕೆಬಿಪಿಎಸ್. ಇದರಲ್ಲಿ ಧ್ವನಿಗೆ 128 ಹೋದರೆ ಚಿತ್ರಕ್ಕೆ ಉಳಿಯುವುದು 390. ಅಂದರೆ ಪ್ರತಿ ಸೆಕೆಂಡಿನ ಚಿತ್ರವನ್ನು ಬರೆದಿಡಲು ಈ ಫೈಲಿನಲ್ಲಿರುವ ಜಾಗ 3.9 ಲಕ್ಷ ಬಿಟ್.

ಇದು ಎಷ್ಟು ಕಡಿಮೆ ಎಂದು ತಿಳಿಯಲು ಕುಗ್ಗಿಸದ ಚಿತ್ರದ ಲೆಕ್ಕ ನೋಡಬೇಕು. 1920 × 1080ರ ಒಂದು ಫ್ರೇಮಿನಲ್ಲಿ 20,73,600 ಪಿಕ್ಸೆಲ್‌ಗಳಿವೆ. ಸಾಮಾನ್ಯ ವಿಡಿಯೊದಲ್ಲಿ ಒಂದೊಂದಕ್ಕೆ ಸರಾಸರಿ 12 ಬಿಟ್. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಟ್ಟು 62 ಕೋಟಿ ಬಿಟ್, ಅಂದರೆ 622 ಎಂಬಿಪಿಎಸ್. ನಮ್ಮ ಫೈಲು ಅದನ್ನು ಸುಮಾರು 1,600ರಲ್ಲಿ ಒಂದು ಪಾಲಿಗೆ ಇಳಿಸಿದೆ. ಇನ್ನೂ ಉಪಯುಕ್ತವಾದ ಅಳತೆ, ಒಂದು ಪಿಕ್ಸೆಲ್‌ಗೆ ಎಷ್ಟು ಬಿಟ್ ಸಿಕ್ಕಿತು ಎಂಬುದು. ಬಿಟ್‌ರೇಟನ್ನು ಅಗಲ, ಎತ್ತರ, ಫ್ರೇಮ್‌ರೇಟ್ ಮೂರರ ಗುಣಲಬ್ಧದಿಂದ ಭಾಗಿಸಿದರೆ ಅದು ಬರುತ್ತದೆ. ಇಲ್ಲಿ 3,90,000 ÷ (1920 × 1080 × 25), ಅಂದರೆ 0.0075.

ವಿಡಿಯೊವನ್ನು ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಎಚ್.264 ಎಂಬ ಕೋಡೆಕ್‌ಗೆ ಕೈಲೆಕ್ಕ ಹೀಗಿದೆ: 0.1ರ ಆಸುಪಾಸಿನಲ್ಲಿದ್ದರೆ ಕುಣಿತದ ದೃಶ್ಯವೂ ಚೆನ್ನಾಗಿ ನಿಲ್ಲುತ್ತದೆ, 0.05ಕ್ಕೆ ಬಂದರೆ ಅಲ್ಲಲ್ಲಿ ಕಲಸುತ್ತದೆ, 0.03ಕ್ಕಿಂತ ಕೆಳಗೆ ಹೋದರೆ ಚಲನೆ ಇರುವ ಯಾವ ದೃಶ್ಯವೂ ಉಳಿಯುವುದಿಲ್ಲ. ಇದು ನಿಯಮವಲ್ಲ, ಅಂದಾಜು. ಒಬ್ಬರೇ ಕುಳಿತು ಮಾತಾಡುವ ವಿಡಿಯೊಗೆ ಇದಕ್ಕಿಂತ ಬಹಳ ಕಡಿಮೆ ಸಾಕು. ಆದರೂ 0.0075ಕ್ಕೆ ಯಾವ ವಿನಾಯಿತಿಯೂ ಇಲ್ಲ. ಅದೇ 390 ಕೆಬಿಪಿಎಸ್ ಅನ್ನು 640 × 360ರ ಚಿತ್ರಕ್ಕೆ ಕೊಟ್ಟಿದ್ದರೆ ಪಿಕ್ಸೆಲ್‌ಗೆ 0.068 ಬೀಳುತ್ತಿತ್ತು, ಚಿತ್ರ ಚಿಕ್ಕದಾದರೂ ಅಚ್ಚುಕಟ್ಟಾಗಿರುತ್ತಿತ್ತು. 700 ಎಂಬಿಯಲ್ಲಿ 3 ಗಂಟೆಯ 1080ಪಿ ಮಾಡಿದವರು ನೋಡುಗರಿಗೆ ಉಪಕಾರ ಮಾಡಲಿಲ್ಲ, ಫೈಲಿನ ಹೆಸರಿಗೆ ದೊಡ್ಡ ಅಂಕಿ ಸೇರಿಸಿದರು ಅಷ್ಟೆ. 1080ಪಿ ಎಂಬುದು ಪಿಕ್ಸೆಲ್‌ಗಳ ಎಣಿಕೆ. ಆ ಪಿಕ್ಸೆಲ್‌ಗಳ ಒಳಗೆ ಏನಿದೆ ಎಂದು ಅದು ಹೇಳುವುದಿಲ್ಲ.

ಬಿಟ್ ಸಾಲದಾದಾಗ ಕೋಡೆಕ್ ಏನು ಮಾಡುತ್ತದೆ ಎಂದು ತಿಳಿದರೆ ಪರದೆಯ ಮೇಲೆ ಕಾಣುವ ಕಲೆಗಳನ್ನು ಓದಲು ಬರುತ್ತದೆ. ಕೋಡೆಕ್ ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಕೆಲವು ಸೆಕೆಂಡಿಗೊಮ್ಮೆ ಒಂದು ಪೂರ್ಣ ಫ್ರೇಮ್ ಬರೆಯುತ್ತದೆ, ಇದನ್ನು ಕೀಫ್ರೇಮ್ ಎನ್ನುತ್ತಾರೆ. ನಡುವಿನ ಫ್ರೇಮ್‌ಗಳಲ್ಲಿ ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುತ್ತದೆ. ಎಚ್.264ರಲ್ಲಿ ಚಿತ್ರವನ್ನು 16 × 16 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಈ ಚೌಕ ಹಿಂದಿನ ಫ್ರೇಮಿನ ಇಂಥ ಜಾಗದಿಂದ ಬಂತು ಎಂದು ಗುರುತು ಹಾಕಿ, ಉಳಿದ ಚಿಕ್ಕ ವ್ಯತ್ಯಾಸವನ್ನು ಪಕ್ಕದಲ್ಲಿ ಸೇರಿಸುತ್ತದೆ. ಬಿಟ್ ಕಡಿಮೆ ಬಿದ್ದಾಗ ಮೊದಲು ಬಿಟ್ಟುಬಿಡುವುದು ಈ ಚಿಕ್ಕ ವ್ಯತ್ಯಾಸವನ್ನೇ, ಅಂದರೆ ಸೂಕ್ಷ್ಮ ವಿವರವನ್ನು.

ಹಾಗಾಗಿ ನಮ್ಮ ಮೊದಲ ಫೈಲಿನಲ್ಲಿ ಭಾಗವತರ ಮುಖ ಚೆನ್ನಾಗಿಯೇ ಇರುತ್ತದೆ. ಅವರು ಕುಳಿತಲ್ಲೇ ಕುಳಿತಿರುತ್ತಾರೆ, ಹಿಂದಿನ ಫ್ರೇಮನ್ನೇ ಎತ್ತಿಕೊಂಡರೆ ಸಾಕು. ಪುಂಡುವೇಷ ದಿಗಿಣ ಹಾಕಲು ಶುರುಮಾಡಿದ ಕ್ಷಣದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಗಿರಕಿ ಹೊಡೆಯುವ ದೇಹದ ಯಾವ ಚೌಕವೂ ಹಿಂದಿನ ಫ್ರೇಮಿನಲ್ಲಿ ಅದೇ ರೂಪದಲ್ಲಿ ಸಿಗುವುದಿಲ್ಲ. ಹೊಸದಾಗಿ ಬರೆಯಲು ಬಿಟ್ ಇಲ್ಲ. ಫಲವಾಗಿ ವೇಷದ ಮೇಲೆ ಚೌಕುಳಿ ಎದ್ದು ಆಭರಣದ ಕೆತ್ತನೆ ಬಣ್ಣದ ಮುದ್ದೆಯಾಗುತ್ತದೆ. ಕುಣಿತ ನಿಂತ ಅರ್ಧ ಸೆಕೆಂಡಿನಲ್ಲಿ ಚಿತ್ರ ಮತ್ತೆ ತಿಳಿಯಾಗುತ್ತದೆ. ನಿಂತಾಗ ಸ್ಪಷ್ಟ, ಚಲಿಸಿದಾಗ ಚೌಕುಳಿ: ಈ ಲಕ್ಷಣ ಕಂಡರೆ ಕಾರಣ ಬಿಟ್‌ರೇಟ್ ಎಂದು ಹೇಳಬಹುದು. ಚಲಿಸುವಾಗ ಚೌಕುಳಿ ಇಲ್ಲದೆ ನಯವಾಗಿ ಎಳೆದಂತೆ ಕಂಡರೆ ಅದು ಕ್ಯಾಮೆರಾದ ಶಟರ್ ನಿಧಾನವಾಗಿದ್ದುದರಿಂದ ಬಂದದ್ದು, ಚಿತ್ರೀಕರಣದಲ್ಲೇ ಸೇರಿಹೋಗಿದೆ. ಅದನ್ನು ಯಾವ ಕೋಡೆಕ್ಕೂ ಸರಿಮಾಡದು.

ರಾತ್ರಿಯ ರಂಗದಲ್ಲಿ ಇನ್ನೊಂದು ತೊಂದರೆ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಬೆಳಕು ಸಾಲದಾಗ ಕ್ಯಾಮೆರಾ ಸಂಕೇತವನ್ನು ಹಿಗ್ಗಿಸುತ್ತದೆ, ಕಪ್ಪು ಹಿನ್ನೆಲೆಯಲ್ಲಿ ಮರಳಿನಂಥ ಚುಕ್ಕೆಗಳು ಕುಣಿಯತೊಡಗುತ್ತವೆ. ಈ ಚುಕ್ಕೆಗಳು ಫ್ರೇಮಿನಿಂದ ಫ್ರೇಮಿಗೆ ಬೇರೆಬೇರೆ, ಹಾಗಾಗಿ ಕೋಡೆಕ್ ಇವನ್ನು ಹೊಸ ವಿವರ ಎಂದೇ ತಿಳಿದು ಬಿಟ್ ಖರ್ಚು ಮಾಡುತ್ತದೆ. ನೋಡುಗರಿಗೆ ಬೇಡದ ಕತ್ತಲೆಯ ಮೇಲೆ ಖರ್ಚಾದದ್ದು ವೇಷದ ಪಾಲಿನಿಂದಲೇ ಹೋಗುತ್ತದೆ. ಹಗಲಿನ ದೃಶ್ಯಕ್ಕೆ ಸಾಕಾದ ಬಿಟ್‌ರೇಟ್ ರಾತ್ರಿಯ ಆಟಕ್ಕೆ ಸಾಲದಿರುವುದು ಇದರಿಂದ.

ಕೆಂಪು ಬಣ್ಣದ್ದು ಬೇರೆಯೇ ಕಥೆ. ನಾವು ನೋಡುವ ಹೆಚ್ಚಿನ ವಿಡಿಯೊಗಳಲ್ಲಿ ಬೆಳಕು-ನೆರಳಿನ ಮಾಹಿತಿ ಪೂರ್ಣ ಅಳತೆಯಲ್ಲಿರುತ್ತದೆ, ಬಣ್ಣದ ಮಾಹಿತಿ ಮಾತ್ರ ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕಿಳಿದಿರುತ್ತದೆ. 1080ಪಿ ವಿಡಿಯೊದ ಬಣ್ಣ ನಿಜವಾಗಿ 960 × 540ರಲ್ಲಿದೆ. ಕಣ್ಣಿಗೆ ಬೆಳಕಿನ ವ್ಯತ್ಯಾಸ ಹೆಚ್ಚು ತಿಳಿಯುವುದರಿಂದ ಸಾಮಾನ್ಯವಾಗಿ ಇದು ಗೊತ್ತಾಗುವುದಿಲ್ಲ. ಆದರೆ ಕಪ್ಪು ಹಿನ್ನೆಲೆಯ ಮೇಲಿನ ಗಾಢ ಕೆಂಪು ವಸ್ತ್ರದಲ್ಲಿ ಬೆಳಕಿನ ವ್ಯತ್ಯಾಸ ಕಡಿಮೆ, ಬಣ್ಣದ ವ್ಯತ್ಯಾಸ ಹೆಚ್ಚು. ಅಂಚು ಹಲ್ಲುಹಲ್ಲಾಗಿಯೋ ಮಸುಕಾಗಿಯೋ ಕಾಣುತ್ತದೆ. ಒಳ್ಳೆಯ ಬಿಟ್‌ರೇಟಿನ ಫೈಲಿನಲ್ಲೂ ಕೆಂಪು ಮಾತ್ರ ಮೆತ್ತಗೆ ಕಂಡರೆ ಡೌನ್‌ಲೋಡ್ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. 2160ಪಿ ಪ್ರತಿ ಸಿಕ್ಕಿದರೆ ಅದನ್ನು 1080ಪಿ ಪರದೆಯಲ್ಲಿ ನೋಡಿದಾಗ ಈ ದೋಷ ಬಹುಮಟ್ಟಿಗೆ ಹೋಗುತ್ತದೆ, ಏಕೆಂದರೆ ಅದರ ಬಣ್ಣ 1920 × 1080ರಲ್ಲಿದೆ.

ಬಿಟ್‌ರೇಟ್ ಧಾರಾಳವಾಗಿದ್ದೂ ಇಡೀ ಚಿತ್ರ ಮಸುಕಾಗಿದ್ದರೆ ಕಾರಣ ಮೂಲದಲ್ಲಿದೆ. ಹಳೆಯ ಯಕ್ಷಗಾನಗಳು ವಿಸಿಡಿಯಲ್ಲಿ ಬರುತ್ತಿದ್ದವು. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ವಿಸಿಡಿಯ ಅಳತೆ 352 × 288, ಬಿಟ್‌ರೇಟ್ 1,150 ಕೆಬಿಪಿಎಸ್. ಅದರ ಪಿಕ್ಸೆಲ್‌ಗಳು ಸುಮಾರು ಒಂದು ಲಕ್ಷ, 1080ಪಿಯ ಇಪ್ಪತ್ತನೇ ಒಂದು ಭಾಗ. ಅದನ್ನು ಹಿಗ್ಗಿಸಿ 1080ಪಿ ಎಂದು ಏರಿಸಿದರೆ 10 ಎಂಬಿಪಿಎಸ್ ಕೊಟ್ಟರೂ ಇಲ್ಲದ ವಿವರ ಹುಟ್ಟುವುದಿಲ್ಲ. ಪರೀಕ್ಷೆ ಸುಲಭ: ಪ್ಲೇಯರ್ ಕಿಟಕಿಯನ್ನು ಪರದೆಯ ಕಾಲುಭಾಗದಷ್ಟು ಅಗಲಕ್ಕೆ ಕುಗ್ಗಿಸಿ. ಅಷ್ಟು ಚಿಕ್ಕದರಲ್ಲಿ ಚಿತ್ರ ತಟ್ಟನೆ ಚೂಪಾಗಿ ಕಂಡು, ದೊಡ್ಡದು ಮಾಡಿದಾಗ ಹೊಸದೇನೂ ಕಾಣದಿದ್ದರೆ ಅದರ ನಿಜವಾದ ಅಳತೆ ಅಷ್ಟೇ. ಡಿವಿಡಿಯಿಂದ ಬಂದ ಫೈಲಿನಲ್ಲಿ ಚಲಿಸುವ ವಸ್ತುವಿನ ಅಂಚಿಗೆ ಬಾಚಣಿಗೆಯ ಹಲ್ಲಿನಂತೆ ಅಡ್ಡಗೆರೆಗಳು ಕಂಡರೆ ಅದು ಹಳೆಯ ಟಿವಿಯ ಇಂಟರ್‌ಲೇಸ್ ಪದ್ಧತಿ. ವಿಎಲ್‌ಸಿ ಪ್ಲೇಯರ್‌ನಲ್ಲಿ `d` ಒತ್ತಿದರೆ ಗೆರೆ ಹೋಗುತ್ತದೆ, ಫೈಲಿಗೆ ಏನೂ ಮಾಡಬೇಕಿಲ್ಲ.

ಯೂಟ್ಯೂಬಿನಿಂದ ಇಳಿಸಿದ್ದು ಮಸುಕಾಗುವುದಕ್ಕೆ ಇನ್ನೊಂದು ಸಾಮಾನ್ಯ ಕಾರಣವಿದೆ. ಅಲ್ಲಿ ಹೆಚ್ಚಿನ ಗುಣಮಟ್ಟದ ಚಿತ್ರವೂ ಧ್ವನಿಯೂ ಬೇರೆಬೇರೆ ಕಡತಗಳಾಗಿರುತ್ತವೆ, ಪ್ಲೇಯರ್ ಅವನ್ನು ಜೋಡಿಸಿ ಓಡಿಸುತ್ತದೆ. ಚಿತ್ರ, ಧ್ವನಿ ಎರಡೂ ಸೇರಿಕೊಂಡೇ ಸಿಗುವುದು ಸಾಮಾನ್ಯವಾಗಿ 360ಪಿ ಪ್ರತಿ ಮಾತ್ರ. ಇಳಿಸುವ ತಂತ್ರಾಂಶಕ್ಕೆ ಎರಡನ್ನು ಜೋಡಿಸಲು ಬೇಕಾದ ಎಫ್‌ಎಫ್‌ಎಂಪೆಗ್ ಕಂಪ್ಯೂಟರಿನಲ್ಲಿ ಸಿಗದಿದ್ದರೆ ಅದು ಸದ್ದಿಲ್ಲದೆ ಈ ಚಿಕ್ಕ ಪ್ರತಿಗೆ ಇಳಿಯಬಹುದು. ಇತರರ ವಿಡಿಯೊಗಳನ್ನು ಅವರ ಅನುಮತಿ ಇಲ್ಲದೆ ಹೀಗೆ ಇಳಿಸಲು ಆ ತಾಣದ ನಿಯಮ ಒಪ್ಪುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆದರೆ ಮೇಳದವರೋ ಸಂಘಟಕರೋ ತಮ್ಮದೇ ಚಾನೆಲ್‌ನಿಂದ ತಮ್ಮ ಆಟವನ್ನು ಮರಳಿ ಪಡೆಯಬೇಕಾದಾಗಲೂ ಇದೇ ತೊಂದರೆ ಎದುರಾಗುತ್ತದೆ. `YouTube Studio`ದ ಡೌನ್‌ಲೋಡ್ ಗುಂಡಿ ಒತ್ತಿದರೆ ಸಿಗುವುದು 720ಪಿ ಅಥವಾ 360ಪಿ. ಅದನ್ನೇ ಮೂಲ ಎಂದುಕೊಂಡು ಹಾರ್ಡ್ ಡಿಸ್ಕ್ ಅಳಿಸಿದವರಿದ್ದಾರೆ. ಹಾಗೆ ಮಾಡುವ ಮುನ್ನ `Google Takeout` ಮೂಲಕ ಚಾನೆಲ್‌ನ ವಿಡಿಯೊಗಳನ್ನು ತರಿಸಿಕೊಂಡು, ಗಾತ್ರ ಮತ್ತು ಅಳತೆಯನ್ನು ಹೋಲಿಸಿ ನೋಡಬೇಕು.

ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ, `Document` ಎಂದು ಕಳಿಸಿದರೆ 2 ಜಿಬಿವರೆಗೆ ಇದ್ದದ್ದು ಇದ್ದಂತೆ ಹೋಗುತ್ತದೆ. ಒಮ್ಮೆ ಕುಗ್ಗಿದ ಪ್ರತಿಯನ್ನು ಇನ್ನೊಬ್ಬರು ಎಡಿಟ್ ಮಾಡಿ ಮತ್ತೆ ಏರಿಸಿದಾಗ, ಕೋಡೆಕ್ ಈ ಸಲ ಹಿಂದಿನ ಚೌಕುಳಿಯನ್ನೇ ನಿಜವಾದ ಚಿತ್ರವೆಂದು ತಿಳಿದು ಅದನ್ನು ಕಾಪಾಡಲು ಬಿಟ್ ಖರ್ಚು ಮಾಡುತ್ತದೆ. ಮಸುಕಾದ ಫೈಲಿಗೆ ಇರುವ ಪರಿಹಾರ ಒಂದೇ: ಅದಕ್ಕಿಂತ ಮೇಲಿನ ಪ್ರತಿಯನ್ನು ಹುಡುಕಿ ಪಡೆಯುವುದು.

ಇನ್ನು ಎರಡನೆಯ ಫೈಲು. 11 ಜಿಬಿಯನ್ನು 3 ಗಂಟೆಗೆ ಭಾಗಿಸಿದರೆ ಸುಮಾರು 8 ಎಂಬಿಪಿಎಸ್ ಬರುತ್ತದೆ, ಬಿಟ್‌ರೇಟ್ ಬಗ್ಗೆ ದೂರಿಲ್ಲ. ಇದರ ಒಳಗೇನಿದೆ ಎಂದು ನೋಡಲು ವಿಎಲ್‌ಸಿಯಲ್ಲಿ `Tools > Codec Information` ತೆರೆಯಬಹುದು. ಎಫ್‌ಎಫ್‌ಎಂಪೆಗ್ ಇದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಈ ಆಜ್ಞೆ ಕೊಟ್ಟು ಇನ್ನೂ ಖಚಿತವಾಗಿ ತಿಳಿಯಬಹುದು, ಕೊನೆಯಲ್ಲಿರುವುದು ನಮ್ಮ ಫೈಲಿನ ಹೆಸರು:

```
ffprobe -v error -select_streams v:0 -show_entries stream=codec_name,profile,width,height,pix_fmt,r_frame_rate,avg_frame_rate -of default=nw=1 prasanga.mkv
```

ಬಂದ ಉತ್ತರ ಹೀಗಿದೆ ಎಂದುಕೊಳ್ಳಿ:

```
codec_name=hevc
profile=Main 10
width=1920
height=1080
pix_fmt=yuv420p10le
r_frame_rate=50/1
avg_frame_rate=50/1
```

ಜರ್ಕ್‌ನ ಕಾರಣ ಇಲ್ಲೇ ಇದೆ. `hevc` ಎಂದರೆ ಎಚ್.265, 2013ರಲ್ಲಿ ಬಂದ ಕೋಡೆಕ್. 2003ರ ಎಚ್.264ಕ್ಕೆ ಹೋಲಿಸಿದರೆ ಇದು ಅದೇ ಗುಣಮಟ್ಟವನ್ನು ಸುಮಾರು ಅರ್ಧ ಬಿಟ್‌ರೇಟಿನಲ್ಲಿ ಕೊಡುತ್ತದೆ, ಆದರೆ ಬಿಡಿಸಿ ತೋರಿಸುವ ಕೆಲಸ ಹೆಚ್ಚು. `Main 10` ಮತ್ತು `10le` ಎಂದರೆ ಪ್ರತಿ ಬಣ್ಣಕ್ಕೆ 8ರ ಬದಲು 10 ಬಿಟ್. `50/1` ಎಂದರೆ ಸೆಕೆಂಡಿಗೆ 50 ಫ್ರೇಮ್, ಹಾಗಾಗಿ ಒಂದು ಫ್ರೇಮ್ ಬಿಡಿಸಲು ಯಂತ್ರಕ್ಕೆ ಸಿಗುವ ಸಮಯ 20 ಮಿಲಿಸೆಕೆಂಡ್. ಒಂದಕ್ಕೆ 28 ಮಿಲಿಸೆಕೆಂಡ್ ಬೇಕಾಗುವ ಲ್ಯಾಪ್‌ಟಾಪ್ ಇದೇ ವಿಡಿಯೊ 25 ಫ್ರೇಮಿನಲ್ಲಿದ್ದರೆ ಆರಾಮಾಗಿ ಓಡಿಸುತ್ತಿತ್ತು, ಏಕೆಂದರೆ ಆಗ ಸಮಯ 40 ಮಿಲಿಸೆಕೆಂಡ್. 50ರಲ್ಲಿ ಅದು ಹಿಂದೆ ಬೀಳುತ್ತದೆ. ಧ್ವನಿ ಬಿಡಿಸುವುದು ಹಗುರ ಕೆಲಸವಾದ್ದರಿಂದ ಚೆಂಡೆ ನಿಲ್ಲದೆ ಕೇಳಿಸುತ್ತದೆ. ಧ್ವನಿಯನ್ನು ಹಿಡಿಯಲು ಪ್ಲೇಯರ್ ತಡವಾದ ಫ್ರೇಮ್‌ಗಳನ್ನು ಎಸೆಯುತ್ತದೆ. ನಮಗೆ ಕಾಣುವ ಜರ್ಕ್ ಈ ಎಸೆದ ಫ್ರೇಮ್‌ಗಳ ಜಾಗ. ವಿಎಲ್‌ಸಿಯ `Media Information` ಕಿಟಕಿಯ `Statistics` ಪುಟದಲ್ಲಿ `Lost` ಎಂಬ ಅಂಕಿ ಏರುತ್ತಲೇ ಇದ್ದರೆ ಇದು ಖಚಿತ.

ಚಿಪ್ಪಿನೊಳಗೆ ಆಯಾ ಕೋಡೆಕ್ ಬಿಡಿಸಲೆಂದೇ ಇರುವ ಭಾಗವಿದ್ದರೆ ಮುಖ್ಯ ಪ್ರೊಸೆಸರ್‌ಗೆ ಈ ಹೊರೆಯೇ ಇರುವುದಿಲ್ಲ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್.265ರ 8 ಬಿಟ್ ರೂಪಕ್ಕೆ ಈ ಸೌಲಭ್ಯ ಬಂದದ್ದು 6ನೇ ಪೀಳಿಗೆಯಲ್ಲಿ. 10 ಬಿಟ್ ರೂಪಕ್ಕೂ ಯೂಟ್ಯೂಬಿನ ವಿಪಿ9ಕ್ಕೂ 7ನೇ ಪೀಳಿಗೆಯಲ್ಲಿ. 2018ರಲ್ಲಿ ಬಂದ ಎವಿ1 ಕೋಡೆಕ್‌ಗೆ 11ನೇ ಪೀಳಿಗೆಯಲ್ಲಿ. ಪೀಳಿಗೆಯನ್ನು ಪ್ರೊಸೆಸರ್ ಹೆಸರಿನಲ್ಲೇ ಓದಬಹುದು: `i5-5200U` ಎಂದರೆ 5ನೇದು, `i5-1135G7` ಎಂದರೆ 11ನೇದು. ಮೊದಲನೆಯದರಲ್ಲಿ ನಮ್ಮ ಫೈಲು ಪೂರ್ತಿ ಮುಖ್ಯ ಪ್ರೊಸೆಸರ್ ಮೇಲೆ ಬೀಳುತ್ತದೆ, ಎರಡನೆಯದರಲ್ಲಿ ಸರಾಗವಾಗಿ ಓಡಬೇಕು. ಓಡದಿದ್ದರೆ ವಿಎಲ್‌ಸಿಯ `Preferences > Input / Codecs`ನಲ್ಲಿ `Hardware-accelerated decoding` ನಿಂತುಹೋಗಿದೆಯೇ ನೋಡಿ, `Automatic` ಇಡಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಪುಟದ `Video Decode` ರೇಖೆ ಏಳುತ್ತಿದ್ದರೆ ಚಿಪ್ಪು ಕೆಲಸ ಮಾಡುತ್ತಿದೆ. ಅದು ಸೊನ್ನೆಯಲ್ಲೇ ಮಲಗಿ ಸಿಪಿಯು ಮೇಲಕ್ಕೇರಿದ್ದರೆ ಇಲ್ಲ.

ಆನ್‌ಲೈನ್‌ನಲ್ಲಿ ಚೆನ್ನಾಗಿ ಓಡಿದ್ದು ಇಳಿಸಿದ ಮೇಲೆ ಏಕೆ ಜರ್ಕ್ ಹೊಡೆಯುತ್ತದೆ ಎಂಬ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಬ್ರೌಸರ್ ಮತ್ತು ತಾಣ ಸೇರಿಕೊಂಡು ನಿಮ್ಮ ಯಂತ್ರಕ್ಕೆ ಒಗ್ಗುವ ಕೋಡೆಕ್ ಮತ್ತು ಅಳತೆಯನ್ನು ಆರಿಸುತ್ತವೆ. ಇಳಿಸುವ ತಂತ್ರಾಂಶಕ್ಕೆ ನಿಮ್ಮ ಯಂತ್ರದ ಪರಿಚಯವಿಲ್ಲ. ಉದಾಹರಣೆಗೆ `yt-dlp` ತಾನಾಗಿ ಆರಿಸುವಾಗ ಒಂದೇ ಅಳತೆಯ ಪ್ರತಿಗಳಲ್ಲಿ ಎವಿ1 ಅನ್ನು ಮೊದಲು ಹಿಡಿಯುತ್ತದೆ, ಏಕೆಂದರೆ ಗಾತ್ರಕ್ಕೆ ಹೋಲಿಸಿದರೆ ಅದೇ ಉತ್ತಮ. ಹಳೆಯ ಲ್ಯಾಪ್‌ಟಾಪಿಗೂ ಪೆನ್‌ಡ್ರೈವ್ ಚುಚ್ಚಿ ನೋಡುವ ಟಿವಿಗೂ ಅದೇ ಎಲ್ಲಕ್ಕಿಂತ ಭಾರ. ನಿಮ್ಮದೇ ವಿಡಿಯೊ ಇಳಿಸುವಾಗ ಎಚ್.264 ಬೇಕೆಂದು ಕೇಳಿ ಪಡೆಯಬಹುದು:

```
yt-dlp -S "vcodec:h264,res:1080,acodec:aac" URL
```

ಟಿವಿಗಳ ವಿಷಯದಲ್ಲಿ ಇನ್ನೊಂದು ಮಿತಿ ಇದೆ. ಎಚ್.264ರಲ್ಲಿ ಲೆವೆಲ್ ಎಂಬ ಅಂಕಿ ಇರುತ್ತದೆ, ಯಂತ್ರ ಸೆಕೆಂಡಿಗೆ ಎಷ್ಟು ಚೌಕ ಬಿಡಿಸಬಲ್ಲದು ಎಂಬುದರ ಗುರುತು ಅದು. 4.1ರ ಮಿತಿ ಸೆಕೆಂಡಿಗೆ 2,45,760 ಚೌಕ. 1080ಪಿಯ ಒಂದು ಫ್ರೇಮಿನಲ್ಲಿ 8,160 ಚೌಕ, ಹಾಗಾಗಿ 30 ಫ್ರೇಮಿಗೆ ಮಿತಿ ಮುಗಿಯುತ್ತದೆ. 50 ಫ್ರೇಮಿನ 1080ಪಿಗೆ 4.2 ಬೇಕು. 4.1ರವರೆಗೆ ಮಾತ್ರ ಒಪ್ಪುವ ಟಿವಿಯಲ್ಲಿ ಅಂಥ ಫೈಲು ಜರ್ಕ್ ಹೊಡೆಯುತ್ತದೆ, ಇಲ್ಲವೇ ಫೈಲನ್ನು ಗುರುತಿಸುವುದೇ ಇಲ್ಲ. ಪೆನ್‌ಡ್ರೈವ್ ನಿಧಾನ ಎಂದು ದೂರುವವರು ಬಹಳ, ಆದರೆ ಸೆಕೆಂಡಿಗೆ 10 ಎಂಬಿ ಓದುವ ಹಳೆಯ ಪೆನ್‌ಡ್ರೈವ್ ಕೂಡ 80 ಎಂಬಿಪಿಎಸ್ ಕೊಡುತ್ತದೆ, ನಮ್ಮ ಫೈಲಿಗೆ ಬೇಕಾದದ್ದು 8. ಪೆನ್‌ಡ್ರೈವ್ ಕಾಟ ಕೊಡುವುದು ನಕಲು ಮಾಡುವಾಗ: ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಒಪ್ಪುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಬದಲಿಸಬೇಕು.

`Lost` ಸೊನ್ನೆಯಲ್ಲೇ ಇದ್ದೂ ಚಿತ್ರ ಕುಪ್ಪಳಿಸಿದಂತೆ ಕಂಡರೆ ಫ್ರೇಮ್‌ರೇಟ್ ಕಡೆ ನೋಡಬೇಕು. ನಮ್ಮ ಟಿವಿ ಪದ್ಧತಿ 25 ಅಥವಾ 50ರದು, ವಿದ್ಯುತ್ತು 50 ಹರ್ಟ್ಸ್‌ನದು. ಲ್ಯಾಪ್‌ಟಾಪ್ ಪರದೆಗಳು ಮಾತ್ರ ಹೆಚ್ಚಾಗಿ 60 ಹರ್ಟ್ಸ್. 60ನ್ನು 25ರಿಂದ ಭಾಗಿಸಿದರೆ 2.4 ಬರುತ್ತದೆ. ಪರದೆಗೆ ಒಂದು ಫ್ರೇಮನ್ನು 2.4 ಸಲ ತೋರಿಸಲು ಬರುವುದಿಲ್ಲ, ಹಾಗಾಗಿ ಕೆಲವನ್ನು 2 ಸಲ, ಕೆಲವನ್ನು 3 ಸಲ ತೋರಿಸುತ್ತದೆ. ಒಂದು ಫ್ರೇಮ್ 33 ಮಿಲಿಸೆಕೆಂಡ್ ನಿಂತರೆ ಇನ್ನೊಂದು 50 ನಿಲ್ಲುತ್ತದೆ. ಕ್ಯಾಮೆರಾ ರಂಗದ ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗುವಾಗ ಇದು ಎದ್ದು ಕಾಣುತ್ತದೆ. ಫೈಲಿನಲ್ಲಿ ದೋಷವಿಲ್ಲ. ಪರದೆಗೆ 50 ಹರ್ಟ್ಸ್ ಸಾಧ್ಯವಿದ್ದರೆ ವಿಂಡೋಸ್‌ನ `Advanced display`ನಲ್ಲಿ ಅದನ್ನು ಆರಿಸಿ, ಇಲ್ಲವೇ ಟಿವಿಗೆ ಎಚ್‌ಡಿಎಂಐ ಜೋಡಿಸಿ 50ಕ್ಕೆ ಇಡಿ. ಆಗ ಪ್ರತಿ ಫ್ರೇಮೂ ಸರಿಯಾಗಿ 2 ಸಲ ಬಂದು ಚಲನೆ ನೆಟ್ಟಗಾಗುತ್ತದೆ.

ಇದೇ ದೋಷವನ್ನು ಎಡಿಟ್ ಮಾಡಿದವರು ಫೈಲಿನೊಳಗೇ ಸೇರಿಸಿರಲೂಬಹುದು. 25ರ ಚಿತ್ರೀಕರಣವನ್ನು 30ರ ಟೈಮ್‌ಲೈನಿಗೆ ಹಾಕಿದಾಗ ಪ್ರತಿ 5 ಫ್ರೇಮಿಗೆ ಒಂದನ್ನು ಎರಡು ಸಲ ಬರೆದು 6 ಮಾಡಲಾಗುತ್ತದೆ. ಕಂಡುಹಿಡಿಯಲು ವಿಎಲ್‌ಸಿಯಲ್ಲಿ ವೇಷ ಚಲಿಸುವ ಕಡೆ ನಿಲ್ಲಿಸಿ `e` ಒತ್ತುತ್ತಾ ಹೋಗಿ, ಒಂದೊಂದು ಒತ್ತಿಗೆ ಒಂದು ಫ್ರೇಮ್ ಮುಂದೆ ಸಾಗುತ್ತದೆ. ಆರಕ್ಕೊಮ್ಮೆ ಚಿತ್ರ ಅಲುಗಾಡದಿದ್ದರೆ ಅದೇ ನಕಲು ಫ್ರೇಮ್. ಎಫ್‌ಎಫ್‌ಎಂಪೆಗ್‌ನ `decimate=cycle=6` ಫಿಲ್ಟರ್ ಆರರಲ್ಲಿ ಒಂದನ್ನು ತೆಗೆದು 25ಕ್ಕೆ ಮರಳಿಸುತ್ತದೆ. ಮೊಬೈಲ್‌ನಲ್ಲಿ ತೆಗೆದದ್ದಾದರೆ ಕ್ರಮವೇ ಇರದಿರಬಹುದು: ಬೆಳಕು ಕಡಿಮೆಯಾದಾಗ ಹಲವು ಫೋನುಗಳು 30ರಿಂದ ತಾವಾಗಿ ಕೆಳಗಿಳಿಯುತ್ತವೆ. `r_frame_rate` ಮತ್ತು `avg_frame_rate` ಎರಡೂ ಬೇರೆಯಾಗಿ ಕಂಡರೆ ಇಂಥ ಏರುಪೇರಿನ ಅನುಮಾನ ಪಡಬಹುದು.

ಈಗ ಎರಡನೆಯ ಫೈಲನ್ನು ಹಳೆಯ ಲ್ಯಾಪ್‌ಟಾಪಿಗೂ ಟಿವಿಗೂ ಒಗ್ಗಿಸುವ ಕೆಲಸ. ಇಲ್ಲಿ ಪರಿವರ್ತನೆಗೆ ಅರ್ಥವಿದೆ, ಏಕೆಂದರೆ ಮೂಲ ಚೆನ್ನಾಗಿದೆ. ಪೂರ್ತಿ 3 ಗಂಟೆಗೆ ಕೈಹಾಕುವ ಮೊದಲು ಕುಣಿತ ಜೋರಾಗಿರುವ 2 ನಿಮಿಷ ಕತ್ತರಿಸಿ ಪರೀಕ್ಷಿಸಿ:

```
ffmpeg -ss 01:30:00 -t 120 -i prasanga.mkv -vf fps=25,format=yuv420p -c:v libx264 -preset medium -crf 20 -level 4.1 -c:a aac -b:a 160k test.mp4
```

`fps=25` ಎಂಬುದು ಒಂದು ಬಿಟ್ಟು ಒಂದು ಫ್ರೇಮ್ ತೆಗೆಯುತ್ತದೆ. 50ರಿಂದ 25 ಸಮನಾಗಿ ಭಾಗವಾಗುವುದರಿಂದ ಲಯ ಕೆಡುವುದಿಲ್ಲ. ಅದೇ 60ರ ಫೈಲಾದರೆ ಇಲ್ಲಿ 30 ಹಾಕಬೇಕು, 25 ಹಾಕಿದರೆ ಜರ್ಕನ್ನು ನಾವೇ ಸೇರಿಸಿದಂತೆ. ಅರ್ಧ ಫ್ರೇಮ್ ಹೋದಾಗ ದಿಗಿಣದ ನಯ ಸ್ವಲ್ಪ ಕಡಿಮೆಯಾಗುವುದು ನಿಜ, ಟಿವಿ 4.2 ಒಪ್ಪುವುದಾದರೆ 50ರಲ್ಲೇ ಇಟ್ಟು `-level 4.2` ಮಾಡುವುದು ಒಳ್ಳೆಯದು. `format=yuv420p` 10 ಬಿಟ್ಟನ್ನು 8ಕ್ಕೆ ಇಳಿಸುತ್ತದೆ, ಇದನ್ನು ಮರೆತರೆ 10 ಬಿಟ್‌ನ ಎಚ್.264 ಹುಟ್ಟಿ ಹೆಚ್ಚಿನ ಟಿವಿಗಳು ಓಡಿಸದ ಫೈಲಾಗಬಹುದು. `crf 20` ಎಂದರೆ ಬಿಟ್‌ರೇಟ್ ಇಷ್ಟೇ ಎಂದು ಕಟ್ಟುಹಾಕದೆ ಗುಣಮಟ್ಟವನ್ನು ಹಿಡಿದಿಡುವುದು: ಭಾಗವತರಿಗೆ ಕಡಿಮೆ, ಕುಣಿತಕ್ಕೆ ಹೆಚ್ಚು ಬಿಟ್ ತಾನಾಗಿ ಹೋಗುತ್ತದೆ. ಅಂಕಿ ಹೆಚ್ಚಿದಂತೆ ಗಾತ್ರವೂ ಗುಣಮಟ್ಟವೂ ಇಳಿಯುತ್ತವೆ, 23ಕ್ಕಿಂತ ಮೇಲೆ ಹೋದರೆ ರಾತ್ರಿಯ ದೃಶ್ಯದಲ್ಲಿ ಚೌಕುಳಿ ಕಾಣತೊಡಗುತ್ತದೆ.

2 ನಿಮಿಷದ ತುಂಡು 75 ಎಂಬಿ ಬಂತು ಎಂದುಕೊಳ್ಳಿ. ಅದು 5 ಎಂಬಿಪಿಎಸ್, ಪಿಕ್ಸೆಲ್‌ಗೆ 0.096 ಬಿಟ್, ಧ್ವನಿ ಸೇರಿಸಿ. 3 ಗಂಟೆಯಲ್ಲಿ ಇಂಥ 90 ತುಂಡುಗಳಿವೆ, ಹಾಗಾಗಿ ಪೂರ್ತಿ ಫೈಲು 6.75 ಜಿಬಿ ಮೀರಲಿಕ್ಕಿಲ್ಲ. ಆರಿಸಿದ್ದು ಕಷ್ಟದ ಭಾಗವಾದ್ದರಿಂದ ಅದಕ್ಕಿಂತ ಕಡಿಮೆಯೇ ಬರುತ್ತದೆ. ತುಂಡು ಟಿವಿಯಲ್ಲಿ ಸರಾಗವಾಗಿ ಓಡಿದರೆ `-ss` ಮತ್ತು `-t` ಎರಡನ್ನೂ ತೆಗೆದು ಪೂರ್ತಿ ಓಡಿಸಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಇಡೀ ರಾತ್ರಿ ಹಿಡಿಯಬಹುದು. 11 ಜಿಬಿಯ ಮೂಲವನ್ನು ಮಾತ್ರ ಅಳಿಸಬೇಡಿ, ಮುಂದೆ ಬೇರೆ ಯಂತ್ರ ಬಂದಾಗ ಪರಿವರ್ತನೆ ಅದರಿಂದಲೇ ಆಗಬೇಕು.

ಒಂದು ಜರ್ಕ್ ಮಾತ್ರ ಈ ಯಾವ ಗುಂಪಿಗೂ ಸೇರುವುದಿಲ್ಲ. ಚಿತ್ರ ಪ್ರತಿ ಸಲವೂ ಒಂದೇ ನಿಮಿಷ-ಸೆಕೆಂಡಿಗೆ ಗಕ್ಕನೆ ನಿಂತು, ಹಸಿರು ಅಥವಾ ಬೂದು ಕಲೆ ಹರಡಿ, ಕೆಲವು ಸೆಕೆಂಡಿನ ನಂತರ ತಟ್ಟನೆ ಸರಿಹೋದರೆ, ಅಲ್ಲಿ ಡೌನ್‌ಲೋಡ್ ತುಂಡಾಗಿದೆ. ಕಳೆದುಹೋದ ಭಾಗವನ್ನು ನೆಚ್ಚಿದ ಫ್ರೇಮ್‌ಗಳೆಲ್ಲ ಕೆಟ್ಟು, ಮುಂದಿನ ಕೀಫ್ರೇಮ್ ಬಂದಾಗ ಚಿತ್ರ ಮತ್ತೆ ಹುಟ್ಟುತ್ತದೆ. ಕೆಳಗಿನ ಆಜ್ಞೆ ಇಡೀ ಫೈಲನ್ನು ಬಿಡಿಸಿ ನೋಡಿ, ಕೆಟ್ಟ ಕಡೆಯಲ್ಲೆಲ್ಲ ದೋಷದ ಸಾಲು ಬರೆಯುತ್ತದೆ:

```
ffmpeg -v error -i prasanga.mkv -f null -
```

ಏನೂ ಬರೆಯದೆ ಮುಗಿದರೆ ಫೈಲು ಇಡಿಯಾಗಿದೆ. ಸಾಲುಗಳು ಬಂದರೆ ಮೂಲದ ಗಾತ್ರವನ್ನೂ ಇಳಿಸಿದ್ದರ ಗಾತ್ರವನ್ನೂ ಬೈಟ್ ಲೆಕ್ಕದಲ್ಲಿ ಹೋಲಿಸಿ, ಮತ್ತೊಮ್ಮೆ ಇಳಿಸಿಕೊಳ್ಳಿ.